ಕಲ್ಲು ಬಿದ್ದ ಮೇಲೆ ಶುರುವಾಗುವ ಕೆಲಸ

ಮೂತ್ರಪಿಂಡದ ಕಲ್ಲು ಬಿದ್ದ ದಿನ ಮನೆಯವರೆಲ್ಲ ನಿಟ್ಟುಸಿರು ಬಿಡುತ್ತಾರೆ. ನೋವು ನಿಂತಿತು, ಇನ್ನು ಚಿಂತೆಯಿಲ್ಲ ಎಂದುಕೊಳ್ಳುತ್ತಾರೆ. ಆದರೆ ಒಮ್ಮೆ ಕಲ್ಲಾದವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನರಿಗೆ ಹತ್ತು ವರ್ಷದೊಳಗೆ ಮತ್ತೊಂದು ಕಲ್ಲಾಗುತ್ತದೆ. ಔಷಧಿಯಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಹೋಗುವುದು ಆಗಲೇ ಆಗಿರುವ ಕಲ್ಲು ಮಾತ್ರ. ಅದು ಹುಟ್ಟಲು ಕಾರಣವಾದ ಅಭ್ಯಾಸಗಳು ಅಡುಗೆಮನೆಯಲ್ಲಿ ಹಾಗೆಯೇ ಉಳಿದಿರುತ್ತವೆ.

ನಮ್ಮ ಯೂನಾನಿ ವೈದ್ಯಶಾಸ್ತ್ರದಲ್ಲಿ ಈ ಕಾಯಿಲೆಗೆ ಹಸಾತೆ ಕುಲ್ಯಾ ಎಂಬ ಹೆಸರಿದೆ. ಸಾವಿರ ವರ್ಷಕ್ಕೂ ಹಿಂದೆ ಹಕೀಮ್ ರಾಝಿಯವರು ಮೂತ್ರಪಿಂಡ ಮತ್ತು ಮೂತ್ರಕೋಶದ ಕಲ್ಲುಗಳ ಬಗ್ಗೆಯೇ ಪ್ರತ್ಯೇಕ ಗ್ರಂಥ ಬರೆದಿದ್ದರು. ದೇಹದಲ್ಲಿ ದಪ್ಪನೆಯ, ಅಂಟಾದ ದ್ರವ ನಿಂತು, ಉಷ್ಣದಿಂದ ಒಣಗಿ ಕಲ್ಲಾಗುತ್ತದೆ ಎಂಬುದು ಹಳೆಯ ಹಕೀಮರ ವಿವರಣೆ. ಇಂದಿನ ಪ್ರಯೋಗಾಲಯ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ: ಮೂತ್ರ ಗಟ್ಟಿಯಾದಾಗ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಆಕ್ಸಲೇಟ್ ಸೇರಿ ಹರಳು ಕಟ್ಟುತ್ತವೆ. ನಮ್ಮಲ್ಲಿ ಕಾಣುವ ಕಲ್ಲುಗಳಲ್ಲಿ ಹೆಚ್ಚಿನವು ಈ ಕ್ಯಾಲ್ಸಿಯಂ ಆಕ್ಸಲೇಟ್ ಜಾತಿಯವೇ. ಈ ಲೇಖನವೂ ಅವುಗಳ ಕುರಿತೇ. ಕಲ್ಲು ಬಿದ್ದರೆ ಎಸೆಯಬೇಡಿ. ಚಹಾ ಸೋಸುವ ಹಳೆಯ ಜಾಲರಿಯಲ್ಲಿ ಮೂತ್ರ ಸೋಸಿ, ಕಲ್ಲನ್ನು ಹಿಡಿದು ಪರೀಕ್ಷೆಗೆ ಕೊಡಿ. ಅದು ಯಾವ ಜಾತಿಯದೆಂದು ತಿಳಿಯದೆ ಪಥ್ಯ ಮಾಡಿದರೆ ಅಂದಾಜಿನ ಮೇಲೆ ನಡೆದಂತೆ.

ವಿಷಯ ಸುಲಭವಾಗಲೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದಲ್ಲಿ ದುಡಿಯುವ, ಮೂವತ್ತೆಂಟು ವಯಸ್ಸಿನ ಒಬ್ಬ ನೇಕಾರ. ಮನೆಯಲ್ಲಿ ಐದು ಜನ. ಹೋದ ವರ್ಷ ಒಂದು ಕಲ್ಲು ಬಿದ್ದಿದೆ, ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಎಂದು ಬಂದಿದೆ. ಮಗ್ಗದ ಮನೆಯಲ್ಲಿ ಸೆಕೆ, ಮೈತುಂಬ ಬೆವರು. ನೂಲು ಕಡಿದರೆ ಕೆಲಸ ನಿಲ್ಲುತ್ತದೆಂದು ಮಗ್ಗ ಬಿಟ್ಟು ಏಳುವುದು ಕಡಿಮೆ. ಇಂಥವರು ಏನು ಮಾಡಬೇಕು?

ಮೊದಲು ಅಳತೆ

"ನಾನು ತುಂಬಾ ನೀರು ಕುಡೀತೀನಿ ಡಾಕ್ಟ್ರೇ" ಎಂದು ಎಲ್ಲರೂ ಹೇಳುತ್ತಾರೆ. ಆದರೆ ಲೆಕ್ಕಕ್ಕೆ ಬರುವುದು ಕುಡಿದದ್ದಲ್ಲ, ಹೊರಗೆ ಬಂದದ್ದು. ಬೆವರಿನಲ್ಲಿ ಹೋದ ನೀರು ಮೂತ್ರಪಿಂಡವನ್ನು ತೊಳೆಯುವುದಿಲ್ಲ. ಆದ್ದರಿಂದ ಒಂದು ರಜೆಯ ದಿನ ಹೀಗೆ ಮಾಡಿ. ಬೆಳಿಗ್ಗೆ ಎದ್ದಾಗಿನ ಮೊದಲ ಮೂತ್ರವನ್ನು ಬಿಟ್ಟುಬಿಡಿ. ಆಮೇಲೆ ಆ ದಿನದ್ದು, ರಾತ್ರಿಯದ್ದು, ಮರುದಿನ ಬೆಳಿಗ್ಗೆ ಅದೇ ಹೊತ್ತಿನ ಮೊದಲ ಮೂತ್ರ, ಎಲ್ಲವನ್ನೂ ಒಂದು ಐದು ಲೀಟರಿನ ಕ್ಯಾನಿನಲ್ಲಿ ಕೂಡಿಸಿ ಅಳೆಯಿರಿ. ಎರಡೂವರೆ ಲೀಟರ್ ಬಂದರೆ ಸರಿ. ಕೆಲಸದ ದಿನವೂ ಒಮ್ಮೆ ಅಳೆಯಲು ಸಾಧ್ಯವಾದರೆ ಇನ್ನೂ ಒಳ್ಳೆಯದು.

ನಮ್ಮ ನೇಕಾರನಿಗೆ ಒಂದು ಲೀಟರ್ ಚಿಲ್ಲರೆ ಮಾತ್ರ ಬಂದಿತು ಎನ್ನೋಣ. ಅಂದರೆ ಸುಮಾರು ಒಂದೂವರೆ ಲೀಟರ್ ಕೊರತೆ. 250 ಮಿಲಿ ಹಿಡಿಸುವ ಲೋಟದಲ್ಲಿ ಹೇಳುವುದಾದರೆ, ಈಗ ಕುಡಿಯುತ್ತಿರುವುದರ ಮೇಲೆ ದಿನಕ್ಕೆ ಆರು ಲೋಟ. ಒಂದೇ ಸಲಕ್ಕೆ ಎರಡು ಲೀಟರ್ ಕುಡಿದರೆ ಕೆಲವೇ ಗಂಟೆಗಳಲ್ಲಿ ಹೊರಗೆ ಹೋಗುತ್ತದೆ, ಉಳಿದ ಹೊತ್ತು ಮೂತ್ರ ಮತ್ತೆ ಗಟ್ಟಿ. ಹಂಚಿ ಕುಡಿಯಬೇಕು. ಫಜ್ರ್‌ಗೆ ಎದ್ದಾಗ ಒಂದು, ಮಗ್ಗಕ್ಕೆ ಹೋದ ಮೇಲೆ ಬೆಳಗಿನ ಹೊತ್ತು ಒಂದು, ಝುಹರ್ ಹೊತ್ತಿಗೆ ಒಂದು, ಅಸರ್ ಹೊತ್ತಿಗೆ ಒಂದು, ಮಗ್ರಿಬ್ ನಂತರ ಒಂದು, ಮಲಗುವ ಮುನ್ನ ಒಂದು. ನಮಾಝಿನ ವೇಳೆಗಳೇ ನೆನಪಿಸುವುದರಿಂದ ಗಡಿಯಾರ ನೋಡುವ ಅಗತ್ಯವಿಲ್ಲ. ಮಲಗುವ ಮುನ್ನದ ಲೋಟವನ್ನು ಬಿಡಬೇಡಿ, ಏಕೆಂದರೆ ಮೂತ್ರ ಅತ್ಯಂತ ಗಟ್ಟಿಯಾಗುವುದು ರಾತ್ರಿಯ ಹೊತ್ತಿನಲ್ಲಿ. ಒಮ್ಮೆ ಏಳಬೇಕಾಗಿ ಬಂದರೆ, ಆಗಲೂ ಒಂದೆರಡು ಗುಟುಕು ಕುಡಿಯಿರಿ.

ಇದರ ಫಲವೆಷ್ಟು? ಇಟಲಿಯ ಪಾರ್ಮಾದಲ್ಲಿ ವೈದ್ಯ ಬೋರ್ಗಿ ಮತ್ತು ಸಂಗಡಿಗರು ಮೊದಲ ಸಲ ಕಲ್ಲಾದ 199 ಜನರನ್ನು ಎರಡು ಗುಂಪು ಮಾಡಿ ಐದು ವರ್ಷ ಗಮನಿಸಿದರು. ಹೆಚ್ಚು ನೀರು ಕುಡಿಯಲು ಹೇಳಿದ ಗುಂಪಿನಲ್ಲಿ 12 ಜನರಿಗೆ, ಇನ್ನೊಂದು ಗುಂಪಿನಲ್ಲಿ 27 ಜನರಿಗೆ ಕಲ್ಲು ಮರಳಿತು. ಇದು 1996ರಲ್ಲಿ ಪ್ರಕಟವಾಯಿತು. ಬರೀ ನೀರಿನಿಂದ ಇಷ್ಟು ವ್ಯತ್ಯಾಸ.

"ನಮ್ಮದು ಬೋರ್‌ವೆಲ್ ನೀರು, ಅದರಿಂದಲೇ ಕಲ್ಲು" ಎನ್ನುವುದು ನಮ್ಮ ಜಿಲ್ಲೆಯಲ್ಲಿ ಮನೆಮನೆಯ ಮಾತು. ವರ್ಷವಿಡೀ ಹರಿಯುವ ನದಿ ನಮಗಿಲ್ಲ. ದೇವನಹಳ್ಳಿ, ಹೊಸಕೋಟೆ ಕಡೆಯ ನೀರು ಗಡುಸು ಎಂಬುದೂ ನಿಜ, ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಆದರೆ ಪಾತ್ರೆಗೆ ಹಿಡಿದ ಪದರವೇ ಮೂತ್ರಪಿಂಡಕ್ಕೂ ಹಿಡಿಯುವುದಿಲ್ಲ. ಗಡುಸು ನೀರಿಗೆ ಹೆದರಿ, ರುಚಿಯಿಲ್ಲವೆಂದು ಕಡಿಮೆ ಕುಡಿಯುವುದೇ ದೊಡ್ಡ ಹಾನಿ. ಫಿಲ್ಟರ್ ನೀರು ಸಿಕ್ಕರೆ ಕುಡಿಯಿರಿ, ಇಲ್ಲವೆಂದು ಲೋಟ ಕೆಳಗಿಡಬೇಡಿ. ದಿನಕ್ಕೆ ಎರಡು ನಿಂಬೆಹಣ್ಣಿನ ರಸವನ್ನು ಈ ನೀರಿಗೆ ಹಿಂಡಿಕೊಂಡರೆ ಅದರ ಸಿಟ್ರೇಟ್ ಹರಳು ಕಟ್ಟುವುದನ್ನು ತಡೆಯಲು ನೆರವಾಗುತ್ತದೆ. ಉಪ್ಪು, ಸಕ್ಕರೆ ಮಾತ್ರ ಹಾಕಬೇಡಿ.

ಉಪ್ಪಿನ ಪೊಟ್ಟಣ ಎಷ್ಟು ದಿನ ಬಂತು?

ಕಲ್ಲಿಗೂ ಉಪ್ಪಿಗೂ ಏನು ಸಂಬಂಧ ಎಂದು ಕೇಳುವವರು ಬಹಳ. ಮೂತ್ರಪಿಂಡ ಹೆಚ್ಚಿನ ಉಪ್ಪನ್ನು ಹೊರಹಾಕುವಾಗ ಅದರ ಜೊತೆಗೆ ಕ್ಯಾಲ್ಸಿಯಂ ಕೂಡ ಮೂತ್ರಕ್ಕೆ ಇಳಿಯುತ್ತದೆ. ಎಷ್ಟು ಉಪ್ಪು ತಿನ್ನುತ್ತೀರೋ ಅಷ್ಟು ಕ್ಯಾಲ್ಸಿಯಂ ಕಲ್ಲು ಕಟ್ಟುವ ಜಾಗಕ್ಕೆ ಹೋಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಮಟ್ಟಸವಾದ ಟೀ ಚಮಚ. ನಿಮ್ಮ ಮನೆಯದು ಎಷ್ಟು ಎಂದು ತಿಳಿಯಲು ಉಪ್ಪಿನ ಪೊಟ್ಟಣವೇ ಸಾಕು. ಒಂದು ಕಿಲೋ ಪೊಟ್ಟಣ ಒಡೆದ ತಾರೀಕನ್ನು ಅದರ ಮೇಲೆ ಬರೆದಿಡಿ. ಐದು ಜನರ ಮನೆಯಲ್ಲಿ ಅದು ಕನಿಷ್ಠ 40 ದಿನ ಬರಬೇಕು. ನಮ್ಮ ನೇಕಾರನ ಮನೆಯಲ್ಲಿ 18 ದಿನಕ್ಕೆ ಮುಗಿಯುತ್ತದೆ ಎಂದರೆ ಒಬ್ಬರಿಗೆ ದಿನಕ್ಕೆ 11 ಗ್ರಾಂ ಬಿದ್ದಂತಾಯಿತು, ಎರಡು ಪಟ್ಟಿಗೂ ಹೆಚ್ಚು. ಇದರಲ್ಲಿ ಅಂಗಡಿಯ ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಖಾರಾ, ಚಿಪ್ಸ್ ಲೆಕ್ಕಕ್ಕೆ ಬಂದಿಲ್ಲ.

ಕಡಿಮೆ ಮಾಡುವುದು ಹೇಗೆ? ಬೆಳಿಗ್ಗೆ ಐದು ಮಟ್ಟಸ ಚಮಚ ಉಪ್ಪನ್ನು ಒಂದು ಪುಟ್ಟ ಡಬ್ಬಿಗೆ ಹಾಕಿ, ಇಡೀ ದಿನದ ಅಡುಗೆ ಅದರಲ್ಲೇ ಆಗಬೇಕು ಎಂದು ನಿಯಮ ಮಾಡಿಕೊಳ್ಳಿ. ಪುಟ್ಟ ಮಕ್ಕಳಿದ್ದರೆ ಇನ್ನೂ ಕಡಿಮೆ ಸಾಕು. ಒಂದೇ ದಿನದಲ್ಲಿ ಇಳಿಸಿದರೆ ಊಟ ಸಪ್ಪೆ ಎಂದು ಮನೆಯವರು ಎದ್ದು ಹೋಗುತ್ತಾರೆ. ಮೊದಲ ವಾರ ಅನ್ನಕ್ಕೆ ಮತ್ತು ರೊಟ್ಟಿಯ ಹಿಟ್ಟಿಗೆ ಹಾಕುವುದನ್ನು ನಿಲ್ಲಿಸಿ, ಎರಡನೆಯ ವಾರ ಮಜ್ಜಿಗೆಗೆ ಹಾಕುವುದನ್ನು ನಿಲ್ಲಿಸಿ, ಆಮೇಲೆ ಸಾಲನ್ನಿಗೆ ಇಳಿಸುತ್ತ ಬನ್ನಿ. ಕೆಲವೇ ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ಸೈಂಧವ ಉಪ್ಪು, ಲಾಹೋರಿ ಉಪ್ಪು ತಿಂದರೆ ಪರವಾಗಿಲ್ಲ ಎಂಬುದು ತಪ್ಪು ಕಲ್ಪನೆ. ಅವೂ ಉಪ್ಪೇ.

ಹಾಲು ಬಿಡಬೇಡಿ

ಕ್ಯಾಲ್ಸಿಯಂ ಕಲ್ಲು ಎಂದ ಕೂಡಲೇ ಹಾಲು, ಮೊಸರು ಬಿಡುವವರಿದ್ದಾರೆ. ಇದರಿಂದ ಕಲ್ಲು ಕಡಿಮೆಯಾಗುವುದಿಲ್ಲ, ಹೆಚ್ಚಾಗಬಹುದು. ಸೊಪ್ಪು, ಬೀಜಗಳಲ್ಲಿರುವ ಆಕ್ಸಲೇಟ್ ಕರುಳಿನಲ್ಲಿ ಕ್ಯಾಲ್ಸಿಯಂ ಜೊತೆ ಕೂಡಿದರೆ ಮಲದಲ್ಲಿ ಹೊರಗೆ ಹೋಗುತ್ತದೆ. ಕೂಡಲು ಕ್ಯಾಲ್ಸಿಯಂ ಸಿಗದಿದ್ದರೆ ರಕ್ತಕ್ಕೆ ಸೇರಿ ಮೂತ್ರಕ್ಕೆ ಇಳಿಯುತ್ತದೆ.

ಪಾರ್ಮಾದ ಅದೇ ವೈದ್ಯರು 2002ರಲ್ಲಿ ಇದನ್ನೂ ತೋರಿಸಿದರು. ಪದೇಪದೇ ಕಲ್ಲಾಗುತ್ತಿದ್ದ 120 ಗಂಡಸರಲ್ಲಿ ಅರ್ಧ ಜನರಿಗೆ ಕ್ಯಾಲ್ಸಿಯಂ ಕಡಿಮೆ ಇರುವ ಊಟ, ಉಳಿದರ್ಧಕ್ಕೆ ಸಾಮಾನ್ಯ ಪ್ರಮಾಣದ ಕ್ಯಾಲ್ಸಿಯಂ ಜೊತೆಗೆ ಉಪ್ಪು ಮತ್ತು ಮಾಂಸ ಕಡಿಮೆ ಇರುವ ಊಟ. ಐದು ವರ್ಷದಲ್ಲಿ ಮೊದಲ ಗುಂಪಿನ 23 ಜನರಿಗೆ, ಎರಡನೆಯ ಗುಂಪಿನ 12 ಜನರಿಗೆ ಮಾತ್ರ ಕಲ್ಲು ಮರಳಿತು.

ಹಾಗಾಗಿ ಪಾಲಕ್, ದಂಟಿನ ಸೊಪ್ಪಿನ ಮಸ್ಸೊಪ್ಪು ಮಾಡಿದ ದಿನ ಅದೇ ಊಟದಲ್ಲಿ ಒಂದು ಬಟ್ಟಲು ಮೊಸರಿರಲಿ. ಪಾಲಕ್ ದಿನನಿತ್ಯ ಬೇಡ, ಅದರಲ್ಲಿ ಆಕ್ಸಲೇಟ್ ಬಹಳ. ಮೆಂತ್ಯ ಸೊಪ್ಪಿನಂಥವನ್ನು ಬದಲಾಯಿಸಿ ಬಳಸಿ. ರಾಗಿಮುದ್ದೆ ಬಿಡಬೇಕಿಲ್ಲ, ಉಪ್ಪಿಲ್ಲದ ಮಜ್ಜಿಗೆ ಜೊತೆಗಿದ್ದರೆ ಆಯಿತು. ಮಾಂಸವನ್ನು ದಿನಕ್ಕೆ ಒಂದು ಹೊತ್ತು, ಅಂಗೈಯಗಲಕ್ಕೆ ನಿಲ್ಲಿಸಿ. ಹೆಚ್ಚು ಮಾಂಸ ಮೂತ್ರದ ಸಿಟ್ರೇಟನ್ನು ಇಳಿಸಿ ಯೂರಿಕ್ ಆಮ್ಲವನ್ನು ಏರಿಸುತ್ತದೆ. ಯೂರಿಕ್ ಆಮ್ಲದ ಕಲ್ಲಾದವರು ಕಲೇಜಿ, ಗುರ್ದಾಗಳಿಂದ ದೂರವಿರಬೇಕು. ಬಕ್ರೀದ್ ಮಾಂಸವನ್ನು ಮೂರೇ ದಿನದಲ್ಲಿ ಮುಗಿಸುವ ಬದಲು ಫ್ರಿಜ್ಜಿನಲ್ಲಿಟ್ಟು ಹಂಚಿ ತಿನ್ನಿ.

ಹುರುಳಿಕಾಳಿನ ಕಟ್ಟು ಕುಡಿಯಬಹುದೇ ಎಂದು ಕೇಳುತ್ತಾರೆ. ಯೂನಾನಿಯಲ್ಲಿ ಕುಲ್ಥಿಯ ಬಳಕೆ ಹಳೆಯದು. ಉಪ್ಪು ಕಡಿಮೆ ಹಾಕಿ ಕುಡಿಯಿರಿ, ನೀರಂತೂ ದೇಹಕ್ಕೆ ಸೇರುತ್ತದೆ. ಆದರೆ ಗಟ್ಟಿಯಾದ ಆಕ್ಸಲೇಟ್ ಕಲ್ಲನ್ನು ಅದು ಕರಗಿಸುತ್ತದೆಂದು ನಂಬಿ ತಪಾಸಣೆ ಬಿಡಬೇಡಿ. ಹಜ್ರುಲ್ ಯಹೂದ್ ಮುಂತಾದ ಔಷಧಿಗಳನ್ನೂ ವೈದ್ಯರ ಸಲಹೆಯಿಲ್ಲದೆ ಅಂಗಡಿಯಿಂದ ತಂದು ತಿನ್ನಬೇಡಿ.

ರಮಝಾನಿನಲ್ಲಿ

ಉಪವಾಸದ ಹಗಲಿನಲ್ಲಿ ನೀರಿಲ್ಲದ್ದರಿಂದ ಇಫ್ತಾರಿನಿಂದ ಸಹರಿಯವರೆಗಿನ ಹೊತ್ತಿನಲ್ಲೇ ಹತ್ತು ಲೋಟ ಮುಗಿಯಬೇಕು: ಇಫ್ತಾರಿಗೆ ಎರಡು, ಮಗ್ರಿಬ್ ನಂತರ ಊಟದವರೆಗೆ ಎರಡು, ತರಾವೀಹ್‌ಗೆ ಮೊದಲು ಮತ್ತು ನಂತರ ಎರಡು, ಮಲಗುವ ಮುನ್ನ ಎರಡು, ಸಹರಿಗೆ ಎರಡು. ಸಹರಿಯಲ್ಲಿ ಉಪ್ಪಿನಕಾಯಿ, ಕಬಾಬ್ ಬೇಡ. ಇತ್ತೀಚೆಗಷ್ಟೇ ಕಲ್ಲಾದವರು, ಒಂದೇ ಮೂತ್ರಪಿಂಡ ಇರುವವರು ಉಪವಾಸಕ್ಕೆ ಮೊದಲು ತಮ್ಮ ವೈದ್ಯರನ್ನು ಕೇಳಲಿ. ಬೇಸಿಗೆಯ ಸೆಕೆಯಲ್ಲಿ ದುಡಿಯುವವರಿಗೂ ಇದೇ ಮಾತು.

ಇಲ್ಲಿ ಹೇಳಿದ ನೀರಿನ ಅಳತೆ ಎಲ್ಲರಿಗೂ ಅಲ್ಲ. ಹೃದಯದ ದುರ್ಬಲತೆ ಇರುವವರು, ಕ್ರಿಯಾಟಿನಿನ್ ಏರಿದವರು ತಾವಾಗಿಯೇ ನೀರು ಹೆಚ್ಚಿಸಬಾರದು. ಅವರು ಎಳನೀರನ್ನೂ ಕೇಳಿಯೇ ಕುಡಿಯಬೇಕು, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಇನ್ನು ನೋವಿನ ಜೊತೆ ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ, ನೀರೂ ನಿಲ್ಲದಂತೆ ವಾಂತಿಯಾದರೆ ಕಷಾಯ, ನೀರು ಎಂದು ಕಾಯಬೇಡಿ. ಕಲ್ಲು ದಾರಿಗೆ ಅಡ್ಡ ನಿಂತು ಸೋಂಕಾಗಿರಬಹುದು. ಅದೇ ರಾತ್ರಿ ಆಸ್ಪತ್ರೆಗೆ ಹೋಗಿ.

ನಮ್ಮ ನೇಕಾರ ಮೂರು ತಿಂಗಳ ನಂತರ ಮತ್ತೆ ಅದೇ ಕ್ಯಾನಿನಲ್ಲಿ ಅಳೆಯಬೇಕು, ಉಪ್ಪಿನ ಪೊಟ್ಟಣದ ತಾರೀಕು ನೋಡಬೇಕು, ಆರು ತಿಂಗಳಿಗೆ ಒಂದು ಸ್ಕ್ಯಾನ್ ಮಾಡಿಸಬೇಕು. ಕ್ಯಾನಿನಲ್ಲಿ ಎರಡೂವರೆ ಲೀಟರ್, ಪೊಟ್ಟಣಕ್ಕೆ 40 ದಿನ. ಈ ಎರಡು ಅಂಕಿಗಳನ್ನು ಇಂದೇ ಅಡುಗೆಮನೆಯ ಗೋಡೆಯ ಮೇಲೆ ಬರೆದಿಡಿ.