ಕೇರಂ: ರಾಣಿಯ ಕವರ್ ಮತ್ತು ಫೌಲುಗಳು

ಕೇರಂ ಚೌಕಾಕಾರದ ಹಲಗೆಯ ಮೇಲೆ ಇಬ್ಬರು ಅಥವಾ ನಾಲ್ವರು ಆಡುವ ಒಳಾಂಗಣ ಕ್ರೀಡೆ. 9 ಬಿಳಿ, 9 ಕಪ್ಪು ಮತ್ತು ಒಂದು ಕೆಂಪು ಕಾಯಿಯನ್ನು ಸ್ಟ್ರೈಕರ್‌ನಿಂದ ಹೊಡೆದು ನಾಲ್ಕು ಮೂಲೆಗಳ ಕುಳಿಗಳಿಗೆ ಬೀಳಿಸಲಾಗುತ್ತದೆ. ಅರಸೀಕೆರೆ, ಬೇಲೂರು, ಹಳೇಬೀಡುಗಳೂ ಸೇರಿದಂತೆ ಕರ್ನಾಟಕದ ಊರುಗಳಲ್ಲಿ ಕೆಂಪು ಕಾಯಿಯನ್ನು 'ರೆಡ್' ಎನ್ನುವುದೇ ರೂಢಿ. ಪಂದ್ಯಾವಳಿಗಳಲ್ಲಿ ಇದು 'ಕ್ವೀನ್', ಅಂದರೆ ರಾಣಿ. ಮನೆಯಾಟದಲ್ಲಿ ಕಾಯಿಯ ಬಣ್ಣಕ್ಕೆ ತಕ್ಕಂತೆ ಅಂಕ ಎಣಿಸುವ ಪದ್ಧತಿಯೂ ಉಂಟು. 1988ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಕೇರಂ ಒಕ್ಕೂಟದ ನಿಯಮಗಳಲ್ಲಿ ಆ ಪದ್ಧತಿ ಇಲ್ಲ.

ಆಟದ ಕ್ರಮ

ಬಿಳಿ ಕಾಯಿಯವರು ಮೊದಲು ಹೊಡೆಯುತ್ತಾರೆ. ತನ್ನ ಕಾಯಿ ಕುಳಿಗೆ ಬಿದ್ದರೆ ಆಟಗಾರನ ಸರದಿ ಮುಂದುವರಿಯುತ್ತದೆ. ತನ್ನ ಒಂಬತ್ತೂ ಕಾಯಿಗಳನ್ನು ಮೊದಲು ಮುಗಿಸಿದವನು ಆ ಬೋರ್ಡ್ ಗೆಲ್ಲುತ್ತಾನೆ. ಎದುರಾಳಿಯ ಉಳಿದ ಪ್ರತಿ ಕಾಯಿಗೂ ಅವನಿಗೆ ಒಂದು ಅಂಕ ದೊರೆಯುತ್ತದೆ. ಮೊದಲು 25 ಅಂಕ ತಲುಪಿದವನು ಅಥವಾ ಎಂಟು ಬೋರ್ಡ್‌ಗಳ ಕೊನೆಗೆ ಮುಂದಿರುವವನು ಗೇಮ್ ಗೆಲ್ಲುತ್ತಾನೆ.

ರಾಣಿಯ ಕವರ್

ತನ್ನ ಕನಿಷ್ಠ ಒಂದು ಕಾಯಿಯನ್ನು ಬೀಳಿಸಿದ ಬಳಿಕವೇ ಆಟಗಾರನಿಗೆ ರಾಣಿಯನ್ನು ಪಡೆಯುವ ಹಕ್ಕು ಬರುತ್ತದೆ. ರಾಣಿ ಬಿದ್ದ ಮೇಲೆ ಮುಂದಿನ ಹೊಡೆತದಲ್ಲಿಯೇ ತನ್ನ ಇನ್ನೊಂದು ಕಾಯಿಯನ್ನು ಬೀಳಿಸಬೇಕು. ಇದೇ ಕವರ್. ಅದು ತಪ್ಪಿದರೆ ಎದುರಾಳಿ ರಾಣಿಯನ್ನು ಮತ್ತೆ ನಡುವೃತ್ತದಲ್ಲಿ ಇಡುತ್ತಾನೆ.

ಉದಾಹರಣೆಗೆ, ಐದು ಕಾಯಿ ಬೀಳಿಸಿರುವ ಆಟಗಾರ ರಾಣಿಯನ್ನು ಪಡೆದು, ಕವರ್ ಮಾಡಹೊರಟಾಗ ಸ್ಟ್ರೈಕರ್ ಮಾತ್ರ ಕುಳಿಗೆ ಬಿತ್ತೆನ್ನೋಣ. ಆಗ ರಾಣಿ ಹಲಗೆಗೆ ಮರಳುತ್ತದೆ. ದಂಡವಾಗಿ ಅವನ ಒಂದು ಕಾಯಿಯೂ ಹೊರಬರುತ್ತದೆ. ಬಿದ್ದ ಕಾಯಿಗಳು ನಾಲ್ಕಕ್ಕಿಳಿದು, ಸರದಿ ಎದುರಾಳಿಗೆ ಹೋಗುತ್ತದೆ.

ರಾಣಿಯ ಬೆಲೆ 3 ಅಂಕ. ಆದರೆ ರಾಣಿಯನ್ನು ಕವರ್ ಮಾಡಿದವನೇ ಬೋರ್ಡನ್ನೂ ಗೆದ್ದರೆ ಮಾತ್ರ ಆ ಅಂಕ ಸಲ್ಲುತ್ತದೆ. ಬೋರ್ಡ್ ಆರಂಭವಾಗುವಾಗ ಅವನ ಅಂಕ 21ನ್ನು ಮೀರಿರಲೂ ಬಾರದು. 19 ಅಂಕವಿದ್ದವನು ಎದುರಾಳಿಯ ಮೂರು ಕಾಯಿ ಉಳಿದಿರುವಾಗ ರಾಣಿಯೊಂದಿಗೆ ಗೆದ್ದರೆ 3 ಮತ್ತು 3 ಸೇರಿ 25 ಆಗಿ ಗೇಮ್ ಮುಗಿಯುತ್ತದೆ. 22 ಅಂಕವಿದ್ದವನು ಎರಡು ಕಾಯಿ ಉಳಿದಿರುವಾಗ ಗೆದ್ದರೆ, ರಾಣಿ ಅವನ ಬಳಿಯಿದ್ದರೂ 24ಕ್ಕೇ ನಿಲ್ಲುತ್ತಾನೆ.

ಸಾಮಾನ್ಯ ಫೌಲುಗಳು

ಸ್ಟ್ರೈಕರ್ ತನ್ನ ಬದಿಯ ಎರಡೂ ಅಡಿಗೆರೆಗಳನ್ನು ಮುಟ್ಟಿರಬೇಕು. ಗೆರೆಯ ತುದಿಯ ಕೆಂಪು ವೃತ್ತವನ್ನು ಅದು ಪೂರ್ತಿ ಮುಚ್ಚಬೇಕು ಅಥವಾ ಸ್ವಲ್ಪವೂ ಮುಟ್ಟಬಾರದು. ಅರ್ಧ ಮುಚ್ಚಿ ಹೊಡೆಯುವುದು ಹೊಸಬರು ಹೆಚ್ಚಾಗಿ ಮಾಡುವ ತಪ್ಪು. ಸ್ಟ್ರೈಕರನ್ನು ಬೆರಳಿನಿಂದ ಚಿಮ್ಮಬೇಕೇ ಹೊರತು ತಳ್ಳುವಂತಿಲ್ಲ. ಹೊಡೆಯುವಾಗ ಕೈ ಬಾಣದ ಗೆರೆಯನ್ನು ದಾಟುವುದು, ಆಟದಲ್ಲಿರುವ ಕಾಯಿಯನ್ನು ಕೈಯಿಂದ ಮುಟ್ಟುವುದು ಸಹ ಫೌಲ್. ಇವುಗಳಿಗೆ ಒಂದು ಕಾಯಿಯ ದಂಡವಿದೆ.

ಇವಕ್ಕಿಂತ ದುಬಾರಿಯಾದ ತಪ್ಪುಗಳು ಎರಡು. ರಾಣಿ ಇನ್ನೂ ಹಲಗೆಯ ಮೇಲಿರುವಾಗ ತನ್ನ ಕೊನೆಯ ಕಾಯಿಯನ್ನಾಗಲಿ, ಎದುರಾಳಿಯ ಕೊನೆಯ ಕಾಯಿಯನ್ನಾಗಲಿ ಬೀಳಿಸಿದವನು ಆ ಬೋರ್ಡನ್ನೇ ಸೋಲುತ್ತಾನೆ. ಆದ್ದರಿಂದಲೇ ಅನುಭವಿಗಳು ಕವರ್‌ಗೆ ಅನುಕೂಲವಾಗುವ, ಕುಳಿಯ ಬಾಯಲ್ಲಿರುವ ಒಂದು ಕಾಯಿಯನ್ನು ಬೀಳಿಸದೆ ಉಳಿಸಿಕೊಂಡು ರಾಣಿಗೆ ಗುರಿಯಿಡುತ್ತಾರೆ.