ಬೇರೆ ಚಾನೆಲ್‌ಗಳು ಉತ್ತರಿಸದ ಪ್ರಶ್ನೆ

ಅಡಿಕೆ ಕೃಷಿಯ ಬಗ್ಗೆ ಯೂಟ್ಯೂಬ್ ಚಾನೆಲ್ ನಡೆಸುವವರಿಗೆ ಮಳೆಗಾಲ ಬಂತೆಂದರೆ ಕೊಳೆರೋಗ ಮತ್ತು ಬೋರ್ಡೋ ದ್ರಾವಣವೇ ವಿಷಯ. ಎಲ್ಲರೂ ಮಾಡುವ ಆ ವಿಡಿಯೊವನ್ನೇ ಇನ್ನೊಮ್ಮೆ ಮಾಡುವ ಮೊದಲು, ಉಳಿದವರು ಏನನ್ನು ಹೇಳದೆ ಬಿಟ್ಟಿದ್ದಾರೆ ಎಂದು ಹುಡುಕಬೇಕು.

ಇದಕ್ಕೆ ಐದಾರು ಚಾನೆಲ್ ಸಾಕು. ಪ್ರತಿಯೊಂದರಲ್ಲೂ ವಿಡಿಯೊಗಳನ್ನು ಜನಪ್ರಿಯತೆಯ ಕ್ರಮದಲ್ಲಿ ಜೋಡಿಸಿ ನೋಡಿ. ಒಂದು ಚಾನೆಲ್ಲಿನ ವೀಕ್ಷಣೆಯನ್ನು ಇನ್ನೊಂದರ ಜೊತೆ ಹೋಲಿಸಬೇಡಿ. ಚಂದಾದಾರರು ಹೆಚ್ಚಿರುವಲ್ಲಿ ಸಾಧಾರಣ ವಿಡಿಯೊ ಕೂಡ ಓಡುತ್ತದೆ. ಸಾಮಾನ್ಯವಾಗಿ ಎರಡು ಸಾವಿರ ವೀಕ್ಷಣೆ ಕಾಣುವ ಚಾನೆಲ್ಲಿನಲ್ಲಿ ಒಂದೇ ವಿಡಿಯೊ ಹದಿನೈದು ಸಾವಿರ ದಾಟಿದ್ದರೆ, ಜನರನ್ನು ಸೆಳೆದದ್ದು ಆ ವಿಷಯವೇ ಇರಬಹುದು.

ಅಂಥ ವಿಡಿಯೊಗಳ ಕೆಳಗಿನ ಕಾಮೆಂಟುಗಳಲ್ಲೇ ನಿಜವಾದ ಸುಳಿವು ಸಿಗುವುದು. ಉತ್ತರ ಸಿಗದ ಪ್ರಶ್ನೆಗಳನ್ನಷ್ಟೇ ಒಂದು ಪಟ್ಟಿಯಲ್ಲಿ ಬರೆದುಕೊಳ್ಳಿ. ಬೋರ್ಡೋ ವಿಡಿಯೊಗಳೆಲ್ಲ ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ ಎಂಬ ಲೆಕ್ಕ ಹೇಳಿ ಮುಗಿಸಿವೆ ಎಂದುಕೊಳ್ಳೋಣ. ಕೆಳಗೆ ಜನ ಕೇಳುತ್ತಿರುವುದು ಬೇರೆ: 'ಹದ ಸರಿಯಾಗಿದೆ ಅಂತ ಗೊತ್ತಾಗೋದು ಹೇಗೆ?' ಮೂರು ನಾಲ್ಕು ಚಾನೆಲ್‌ಗಳಲ್ಲಿ, ಬೇರೆ ಬೇರೆ ಜನರಿಂದ ಇದೇ ಪ್ರಶ್ನೆ ಬಂದಿದ್ದರೆ ಅದು ಖಾಲಿ ಜಾಗ. ಒಬ್ಬರು ಮಾತ್ರ ಕೇಳಿದ್ದರೆ ಅವಸರ ಬೇಡ. ಒಂದು ವಿಷಯದ ಮೇಲೆ ವಿಡಿಯೊ ಇಲ್ಲದಿರುವುದಕ್ಕೆ ಅದು ಯಾರಿಗೂ ಬೇಡದಿರುವುದೂ ಕಾರಣವಾಗಿರಬಹುದು. ಹುಡುಕಾಟದ ಪೆಟ್ಟಿಗೆಯಲ್ಲಿ ಮೊದಲೆರಡು ಪದ ಟೈಪ್ ಮಾಡಿ, ಯೂಟ್ಯೂಬ್ ತಾನಾಗಿ ಸೂಚಿಸುವ ಸಾಲುಗಳಲ್ಲಿ ಆ ವಿಷಯ ಬರುತ್ತದೆಯೇ ನೋಡಿ.

ಪ್ರಶ್ನೆ ಸಿಕ್ಕಿದ ಮೇಲೆ ಆ ವಿಡಿಯೊಗಳನ್ನು ಮುಚ್ಚಿಬಿಡಿ. ಅವುಗಳನ್ನು ಎದುರಿಗಿಟ್ಟುಕೊಂಡು ಸ್ಕ್ರಿಪ್ಟ್ ಬರೆದರೆ ಅವರ ಕ್ರಮ, ಅವರ ಉದಾಹರಣೆ, ಅವರ ತಪ್ಪು ಕೂಡ ನಿಮ್ಮದಾಗುತ್ತದೆ. ಉತ್ತರಕ್ಕೆ ತೋಟಕ್ಕೇ ಹೋಗಿ. ದ್ರಾವಣದಲ್ಲಿ ಹೊಳೆಯುವ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅದರ ಮೇಲೆ ಕೆಂಪು ಮಿಶ್ರಿತ ಕಂದು ಬಣ್ಣ ಕೂತರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ, ಸುಣ್ಣದ ತಿಳಿ ಇನ್ನಷ್ಟು ಬೇಕು ಎಂದರ್ಥ. ಕೆಟ್ಟ ಹದ, ಸರಿಯಾದ ಹದ ಎರಡನ್ನೂ ಕ್ಯಾಮೆರಾ ಮುಂದೆ ಮಾಡಿ ತೋರಿಸಿದರೆ ಆ ವಿಡಿಯೊ ನಿಮ್ಮದೇ ಆಗುತ್ತದೆ.

ವಿಷಯ ಯಾರ ಸ್ವತ್ತೂ ಅಲ್ಲ. ಕಾನೂನು ಕಾಯುವುದು ಅದನ್ನು ಹೇಳಿದ ರೂಪವನ್ನು, ಅಂದರೆ ದೃಶ್ಯ, ಮಾತು, ಚಿತ್ರಗಳನ್ನು. ಇನ್ನೊಬ್ಬರ ದೃಶ್ಯ ಬಳಸಿ 90 ದಿನಗಳೊಳಗೆ ಮೂರು ಕೃತಿಸ್ವಾಮ್ಯ ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗಬಹುದು. ಕಾನೂನಿನ ಕೈಗೆ ಸಿಗದ ನಕಲೂ ಉಂಟು. ಅದನ್ನು ಅಳೆಯಲು ಒಂದು ಪ್ರಶ್ನೆ ಸಾಕು: ಅವರ ವಿಡಿಯೊ ಇವತ್ತೇ ಅಳಿಸಿಹೋದರೂ ನಿಮ್ಮದನ್ನು ಪೂರ್ತಿ ಮಾಡಬಲ್ಲಿರಾ? ಆಗುವುದಿಲ್ಲ ಎಂದಾದರೆ, ತೋಟದಲ್ಲಿ ನಿಮ್ಮ ಕೆಲಸ ಇನ್ನೂ ಬಾಕಿಯಿದೆ.