ಹುಳ ಮುಟ್ಟಿದ ಮೇಲಿನ ಮೊದಲ ಗಂಟೆಗಳು

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಹಳ್ಳಿಗಳಲ್ಲಿ ಕತ್ತಲಾದ ಮೇಲೆ ಹಾವಿನ ಹೆಸರನ್ನು ಬಾಯಿಬಿಟ್ಟು ಹೇಳಲು ಹಿರಿಯರು ಇಂದಿಗೂ ಹಿಂಜರಿಯುತ್ತಾರೆ. ಕನ್ನಡದ ಮನೆಯಲ್ಲಿ ‘ಹುಳ ಮುಟ್ಟಿತು’ ಎನ್ನುತ್ತಾರೆ. ಮರಾಠಿಯ ಮನೆಯಲ್ಲಿ ‘ಪಾನ ಲಾಗಲಂ’, ಎಂದರೆ ಎಲೆ ತಾಗಿತು ಎನ್ನುತ್ತಾರೆ. ಭಾಷಾಶಾಸ್ತ್ರದಲ್ಲಿ ಇಂಥ ಮಾತುಗಳಿಗೆ ಸೌಮ್ಯೋಕ್ತಿ ಎಂಬ ಹೆಸರಿದೆ. ಕೇಡಿನ ಹೆಸರೆತ್ತಿದರೆ ಕೇಡು ಬಂದೀತೆಂಬ ಅಂಜಿಕೆ ಇದರ ಹಿಂದಿದೆ. ಆ ಅಂಜಿಕೆಗೆ ಕಾರಣವೂ ಇದೆ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳ ಸಾವುಗಳನ್ನು ಪರಿಶೀಲಿಸಿದ ಅಧ್ಯಯನವೊಂದು, ಭಾರತದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸಾಯುತ್ತಾರೆಂದು ಅಂದಾಜು ಮಾಡಿದೆ. ಸತ್ತವರಲ್ಲಿ ಕಾಲುಭಾಗಕ್ಕಿಂತ ಹೆಚ್ಚಿನವರು ಹದಿನೈದು ವರ್ಷದೊಳಗಿನ ಮಕ್ಕಳು. ಸುಮಾರು ಅರ್ಧದಷ್ಟು ಸಾವುಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿಯೇ ಸಂಭವಿಸುತ್ತವೆ.

ಇದಕ್ಕಿಂತ ಮೊದಲಿನ ಇನ್ನೊಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಹಾವು ಕಡಿದು ಸತ್ತವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಪ್ರಾಣ ಬಿಟ್ಟದ್ದು ಆಸ್ಪತ್ರೆಯ ಹೊರಗೆ. ಈ ರೋಗಕ್ಕೆ ಔಷಧವಿದೆ. ಅದು ಸರ್ಕಾರಿ ಆಸ್ಪತ್ರೆಯಲ್ಲಿ ಬೆಲೆಯಿಲ್ಲದೆ ಸಿಗಬೇಕಾದ ಔಷಧ. ಆದರೂ ಜನ ಮನೆಯಲ್ಲಿ, ದಾರಿಯಲ್ಲಿ ಸಾಯುತ್ತಾರೆ. ಆದ್ದರಿಂದ ಕಡಿತದ ಗಳಿಗೆಗೂ ಔಷಧದ ಸೀಸೆಗೂ ನಡುವಿನ ಕೆಲವು ಗಂಟೆಗಳಲ್ಲಿ ಏನಾಗುತ್ತದೆ ಎಂಬುದನ್ನು ನೋಡಿದರೆ ಸಮಸ್ಯೆಯ ತಿರುಳು ಸಿಗುತ್ತದೆ.

ಈ ಸೀಮೆಯಲ್ಲಿ ಪ್ರಾಣಕ್ಕೆ ಎರವಾಗುವ ಮುಖ್ಯ ಹಾವುಗಳು ನಾಲ್ಕು. ನಾಗರಹಾವು ಎರಡೂ ಭಾಷೆಗಳಿಗೆ ನಾಗನೇ. ಕಟ್ಟುಹಾವಿಗೆ ಮರಾಠಿಯಲ್ಲಿ ಮಣ್ಯಾರ, ಕೊಳಕುಮಂಡಲಕ್ಕೆ ಘೋಣಸ, ಗರಗಸ ಮಂಡಲಕ್ಕೆ ಫುರಸೆ ಎಂದು ಹೆಸರು. ನಾಗರಹಾವು ಮತ್ತು ಕಟ್ಟುಹಾವಿನ ವಿಷ ನರಗಳ ಮೇಲೆ ಎರಗಿ ಉಸಿರಾಟವನ್ನು ನಿಲ್ಲಿಸುತ್ತದೆ. ಎರಡು ಮಂಡಲಗಳ ವಿಷ ಮುಖ್ಯವಾಗಿ ರಕ್ತವನ್ನು ಕೆಡಿಸುತ್ತದೆ. ನಮ್ಮ ದೇಶದಲ್ಲಿ ತಯಾರಾಗುವ ಪ್ರತಿವಿಷ ಈ ನಾಲ್ಕಕ್ಕೂ ಒಂದೇ ಆದ್ದರಿಂದ, ಯಾವ ಹಾವೆಂದು ತಿಳಿಯದಿದ್ದರೂ ಚಿಕಿತ್ಸೆ ನಿಲ್ಲುವುದಿಲ್ಲ. ಹಾವನ್ನು ಕೊಂದು ಚೀಲದಲ್ಲಿ ಹಾಕಿಕೊಂಡು ಬರುವ ಅಗತ್ಯವಿಲ್ಲ. ಹಾಗೆ ಕೊಲ್ಲಹೋದವರೇ ಎರಡನೆಯ ರೋಗಿಯಾಗುವ ಸಂಭವವಿದೆ. ಸತ್ತ ಹಾವಿನ ತಲೆಯೂ ಕೆಲಕಾಲ ಕಚ್ಚಬಲ್ಲದು.

ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿ, ಕಬ್ಬು ಕಡಿಯುವ ಕಾಲ, ಸಂಜೆ ಆರು ಗಂಟೆ. ರವದಿ ಸರಿಸುತ್ತಿದ್ದ ನಲವತ್ತರ ಹೆಣ್ಣುಮಗಳೊಬ್ಬಳ ಹಿಮ್ಮಡಿಯ ಬಳಿ ಕೊಳಕುಮಂಡಲ ಕಡಿಯುತ್ತದೆ. ಕಡಿದ ಜಾಗದಲ್ಲಿ ಉರಿ ಏಳುತ್ತದೆ, ಅರ್ಧ ಗಂಟೆಯಲ್ಲಿ ಪಾದ ಊದುತ್ತದೆ. ಜೊತೆಗಿದ್ದವರು ಸೆರಗು ಹರಿದು ಮೊಣಕಾಲಿನ ಕೆಳಗೆ ಬಿಗಿದು ಕಟ್ಟುತ್ತಾರೆ. ಊರಿಗೆ ತಂದು ಹನುಮಂತದೇವರ ಗುಡಿಯ ಮುಂದೆ ಮಲಗಿಸುತ್ತಾರೆ. ಬೇವಿನ ಎಲೆ ತಿನ್ನಿಸಿ, ‘ಕಹಿ ಹತ್ತತೇತೇನವ್ವಾ?’ ಎಂದು ಕೇಳುತ್ತಾರೆ. ಆಕೆ ಹೌದೆನ್ನುತ್ತಾಳೆ. ಹಾಗಾದರೆ ವಿಷ ಏರಿಲ್ಲವೆಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆಗಲೇ ಎರಡು ಗಂಟೆ ಕಳೆದಿರುತ್ತದೆ.

ಇಲ್ಲಿ ನಡೆದ ತಪ್ಪುಗಳನ್ನು ಒಂದೊಂದಾಗಿ ನೋಡಬೇಕು. ಬೇವಿನ ಪರೀಕ್ಷೆ ವಿಷದ ಬಗ್ಗೆ ಏನನ್ನೂ ಹೇಳುವುದಿಲ್ಲ. ಮಂಡಲದ ವಿಷ ನಾಲಗೆಯ ರುಚಿಯನ್ನು ಕೆಡಿಸಿ ತೋರಿಸುವುದಿಲ್ಲ. ಅದು ಒಳಗೆ ರಕ್ತದಲ್ಲಿ ಕೆಲಸ ಮಾಡುತ್ತಿರುತ್ತದೆ. ಬಿಗಿದ ಕಟ್ಟು ಇನ್ನೂ ಅಪಾಯಕರ. ಅದು ವಿಷವನ್ನು ನಂಬಿಕೆಯಿಂದ ತಡೆಯಲಾರದು, ಆದರೆ ಕಾಲಿಗೆ ಹೋಗುವ ರಕ್ತವನ್ನು ತಡೆಯಬಲ್ಲದು. ಮೊದಲೇ ವಿಷದಿಂದ ನಲುಗಿದ ಮಾಂಸ ರಕ್ತವಿಲ್ಲದೆ ಕೊಳೆಯುತ್ತದೆ. ಕಾಲನ್ನೇ ತೆಗೆಯಬೇಕಾದ ಪ್ರಸಂಗಗಳಿಗೆ ಅನೇಕ ಸಲ ಹಾವಿನಷ್ಟೇ ಹಗ್ಗವೂ ಕಾರಣ. ಹಾಗೆಂದು ಬಹಳ ಹೊತ್ತಿನಿಂದ ಇದ್ದ ಕಟ್ಟನ್ನು ದಾರಿಯಲ್ಲಿ ತಟ್ಟನೆ ಬಿಚ್ಚಬಾರದು. ಅದರ ಕೆಳಗೆ ಸೇರಿದ ವಿಷ ಒಮ್ಮೆಲೇ ಮೈಗೇರೀತು. ಅದನ್ನು ವೈದ್ಯರ ಎದುರಿನಲ್ಲಿ, ಪ್ರತಿವಿಷ ಸಿದ್ಧವಿರುವಾಗ ಸಡಿಲಿಸಬೇಕು. ಗಾಯವನ್ನು ಬ್ಲೇಡಿನಿಂದ ಕೊಯ್ದರೆ, ಹೆಪ್ಪುಗಟ್ಟುವ ಶಕ್ತಿ ಕಳೆದುಕೊಂಡ ರಕ್ತ ಹರಿಯುತ್ತಲೇ ಇರುತ್ತದೆ. ಬಾಯಿಂದ ಹೀರಿದರೆ ವಿಷ ಹೊರಬರುವುದಿಲ್ಲ.

ಇಷ್ಟಾದರೂ ಮಂತ್ರ, ಬೇರು, ನೂಲುಗಳ ಮೇಲಿನ ನಂಬಿಕೆ ಏಕೆ ಉಳಿದಿದೆ? ಜನ ಅಜ್ಞಾನಿಗಳೆಂಬುದು ಇದಕ್ಕೆ ಸರಿಯಾದ ಉತ್ತರವಲ್ಲ. ಹಳ್ಳಿಯಲ್ಲಿ ಕಡಿಯುವ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ವಿಷದ ಹಾವೂ ಪ್ರತಿ ಸಲ ವಿಷ ಬಿಡುವುದಿಲ್ಲ. ಬರಿಯ ಹಲ್ಲು ಊರಿ ಹೋಗುವುದುಂಟು. ಇಂಥ ರೋಗಿಗಳು ಏನೂ ಮಾಡದಿದ್ದರೂ ಬದುಕುತ್ತಾರೆ. ಅವರು ಬದುಕಿದ ಕೀರ್ತಿ ಮಂತ್ರಿಸಿದವರಿಗೆ ಸಲ್ಲುತ್ತದೆ. ಸತ್ತವರ ವಿಷಯದಲ್ಲಿ ‘ತಡವಾಗಿ ತಂದಿರಿ’ ಎಂಬ ಮಾತು ಸಿದ್ಧವಾಗಿರುತ್ತದೆ. ಹೀಗೆ ಅನುಭವವೇ ತಪ್ಪು ಪಾಠವನ್ನು ಕಲಿಸುತ್ತದೆ.

ಮತ್ತೆ ಆ ಹೆಣ್ಣುಮಗಳ ಕಡೆಗೆ ಬರೋಣ. ರಾತ್ರಿ ಒಂಬತ್ತರ ಹೊತ್ತಿಗೆ ಆಕೆಯ ಒಸಡಿನಿಂದ ರಕ್ತ ಜಿನುಗತೊಡಗುತ್ತದೆ. ಹೆದರಿದ ಮನೆಯವರು ಆಕೆಯನ್ನು ಗ್ರಾಮೀಣ ಆಸ್ಪತ್ರೆಗೆ ತರುತ್ತಾರೆ. ಅಲ್ಲಿ ವೈದ್ಯರು ಮಾಡಬೇಕಾದ ಮುಖ್ಯ ಪರೀಕ್ಷೆಗೆ ದೊಡ್ಡ ಪ್ರಯೋಗಾಲಯ ಬೇಡ. ಒಂದು ಗಾಜಿನ ನಳಿಗೆ, ಒಂದು ಗಡಿಯಾರ ಸಾಕು. ಎರಡು ಮಿಲಿಲೀಟರ್ ರಕ್ತವನ್ನು ಒಣಗಿದ, ಹೊಸ ಗಾಜಿನ ನಳಿಗೆಯಲ್ಲಿ ಹಾಕಿ, ಅಲುಗಿಸದೆ ಇಪ್ಪತ್ತು ನಿಮಿಷ ಬಿಡುತ್ತಾರೆ. ಬಳಿಕ ಒಮ್ಮೆ ಓರೆ ಮಾಡಿ ನೋಡುತ್ತಾರೆ. ಆರೋಗ್ಯವಂತರ ರಕ್ತ ಅಷ್ಟರಲ್ಲಿ ಗಟ್ಟಿಯಾಗಿರುತ್ತದೆ. ಈಕೆಯ ರಕ್ತ ನೀರಿನಂತೆ ಹರಿಯುತ್ತದೆ. ಮಂಡಲದ ವಿಷ ರಕ್ತನಾಳದೊಳಗೇ ಹೆಪ್ಪುಗಟ್ಟುವ ಕ್ರಿಯೆಯನ್ನು ಕೆರಳಿಸಿ, ಅದಕ್ಕೆ ಬೇಕಾದ ದ್ರವ್ಯವನ್ನೆಲ್ಲ ತೀರಿಸಿಬಿಟ್ಟಿರುತ್ತದೆ. ನಳಿಗೆ ಪ್ಲಾಸ್ಟಿಕ್ಕಿನದಾಗಿದ್ದರೆ ಅಥವಾ ಸಾಬೂನಿನಿಂದ ತೊಳೆದದ್ದಾಗಿದ್ದರೆ ಒಳ್ಳೆಯ ರಕ್ತವೂ ಗಟ್ಟಿಯಾಗದೆ ಮೋಸ ಮಾಡೀತು. ಮೊದಲ ಪರೀಕ್ಷೆ ಸರಿಯಿದ್ದ ಮಾತ್ರಕ್ಕೆ ಅಪಾಯ ಕಳೆಯಿತೆಂದೂ ಅಲ್ಲ. ಅದನ್ನು ಮತ್ತೆ ಮತ್ತೆ ಮಾಡಬೇಕು, ರೋಗಿಯನ್ನು ಒಂದು ದಿನವಾದರೂ ನಿಗಾದಲ್ಲಿ ಇಡಬೇಕು.

ರಕ್ತ ಗಟ್ಟಿಯಾಗಲಿಲ್ಲವೆಂದರೆ ಪ್ರತಿವಿಷ ಕೊಡಲೇಬೇಕು. ಕುದುರೆಗೆ ಸ್ವಲ್ಪ ಸ್ವಲ್ಪವಾಗಿ ಹಾವಿನ ವಿಷ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳಿಂದ ಇದನ್ನು ತಯಾರಿಸುತ್ತಾರೆ. ಪುಡಿಯ ರೂಪದ ಪ್ರತಿ ಸೀಸೆಯನ್ನು 10 ಮಿಲಿಲೀಟರ್ ಶುದ್ಧ ನೀರಿನಲ್ಲಿ ಕರಗಿಸಬೇಕು. ಮೊದಲ ಸಲಕ್ಕೆ ಸಾಮಾನ್ಯವಾಗಿ 8ರಿಂದ 10 ಸೀಸೆಗಳನ್ನು ಸಲಾಯಿನ್ನಿನಲ್ಲಿ ಬೆರೆಸಿ ಸುಮಾರು ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಹರಿಸುತ್ತಾರೆ. ಮಕ್ಕಳಿಗೂ ಇದೇ ಪ್ರಮಾಣ. ಹಾವು ಮಗುವೆಂದು ವಿಷವನ್ನು ಕಡಿಮೆ ಬಿಡುವುದಿಲ್ಲ. ಆರು ಗಂಟೆಯ ನಂತರ ನಳಿಗೆಯ ಪರೀಕ್ಷೆಯನ್ನು ಮತ್ತೆ ಮಾಡಿ, ಆಗಲೂ ರಕ್ತ ಗಟ್ಟಿಯಾಗದಿದ್ದರೆ ಮತ್ತೊಂದು ಸುತ್ತು ಕೊಡುತ್ತಾರೆ. ತೀರಿಹೋದ ದ್ರವ್ಯವನ್ನು ಯಕೃತ್ತು ಪುನಃ ತಯಾರಿಸಲು ಅಷ್ಟು ಸಮಯ ಬೇಕು.

ಎಷ್ಟೋ ಸಲ ಸರಪಳಿ ಕಡಿಯುವುದು ಇಲ್ಲಿಯೇ. ಕುದುರೆಯ ರಕ್ತದಿಂದ ಬಂದ ಔಷಧವಾದ್ದರಿಂದ ಕೆಲವರಿಗೆ ಮೈಮೇಲೆ ದದ್ದು, ತುರಿಕೆ, ಕೆಲವೊಮ್ಮೆ ರಕ್ತದೊತ್ತಡದ ಕುಸಿತ ಉಂಟಾಗುತ್ತದೆ. ಅದಕ್ಕೆ ಅಡ್ರಿನಲಿನ್ ಎಂಬ ಅಗ್ಗದ ಚುಚ್ಚುಮದ್ದು ಇದೆ. ಅದನ್ನು ಮೊದಲೇ ಪಕ್ಕದಲ್ಲಿ ತುಂಬಿಟ್ಟುಕೊಂಡಿದ್ದರೆ ಚಿಕ್ಕ ಆಸ್ಪತ್ರೆಯಲ್ಲೂ ನಿಭಾಯಿಸಬಹುದು. ಆದರೆ ಆ ಭಯದಿಂದ, ಅಥವಾ ದಾಸ್ತಾನಿನಲ್ಲಿ ಎರಡೇ ಸೀಸೆಗಳಿರುವುದರಿಂದ, ಒಂದು ಹನಿಯನ್ನೂ ಕೊಡದೆ ‘ಸೊಲ್ಲಾಪುರಕ್ಕೆ ಒಯ್ಯಿರಿ’ ಎಂದು ಚೀಟಿ ಬರೆಯುವುದುಂಟು. ಅಕ್ಕಲಕೋಟೆಯಿಂದ ಸೊಲ್ಲಾಪುರ ಸುಮಾರು 40 ಕಿಲೋಮೀಟರ್. ವಾಹನ ಹೊಂದಿಸಿ ತಲುಪುವಷ್ಟರಲ್ಲಿ ಇನ್ನೆರಡು ಗಂಟೆ ಹೋದರೆ ವಿಷ ಮೂತ್ರಪಿಂಡವನ್ನು ಮುಟ್ಟಿರುತ್ತದೆ. ಈಗಾಗಲೇ ಅಂಗಾಂಗಕ್ಕೆ ಆದ ಹಾನಿಯನ್ನು ಪ್ರತಿವಿಷ ತಿದ್ದಲಾರದು. ಮೊದಲ ಸುತ್ತಿನ ಪ್ರತಿವಿಷವನ್ನು ಹತ್ತಿರದ ಆಸ್ಪತ್ರೆಯಲ್ಲೇ ಆರಂಭಿಸಿ, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳುಹಿಸುವುದೇ ಸರಿಯಾದ ಕ್ರಮ. ತಡವಾದ ರೋಗಿ ಬದುಕಿದರೂ ವಾರಗಟ್ಟಲೆ ಡಯಾಲಿಸಿಸ್, ಕೂಲಿಯ ನಷ್ಟ, ಸಾಲ ಇವು ಮನೆಯನ್ನು ಹಿಡಿಯುತ್ತವೆ. ಹಾವಿಗೆ ಸಿಗುವವರು ಹೆಚ್ಚಾಗಿ ಹೊಲದಲ್ಲಿ ದುಡಿಯುವವರೇ ಆದ್ದರಿಂದ ಕಡಿತದ ಹೊಡೆತ ಮನೆಯ ಗಳಿಕೆಯ ಮೇಲೆಯೇ ಬೀಳುತ್ತದೆ.

ಕಟ್ಟುಹಾವಿನ ಕಥೆ ಬೇರೆ. ಅದು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ. ನೋವಿಲ್ಲ, ಊತವಿಲ್ಲ, ಹಲ್ಲಿನ ಗುರುತೂ ಅನೇಕ ಸಲ ಕಾಣುವುದಿಲ್ಲ. ರೋಗಿ ಬೆಳಗಿನ ಜಾವ ಹೊಟ್ಟೆನೋವು, ವಾಂತಿ ಎಂದು ಏಳುತ್ತಾನೆ. ಮನೆಯವರು ಅಜೀರ್ಣವೆಂದುಕೊಳ್ಳುತ್ತಾರೆ. ಬಳಿಕ ರೆಪ್ಪೆ ಎತ್ತಲಾಗುವುದಿಲ್ಲ, ಉಗುಳು ನುಂಗಲಾಗುವುದಿಲ್ಲ, ಮಾತು ತೊದಲುತ್ತದೆ. ಕೊನೆಗೆ ಉಸಿರು ನಿಲ್ಲುತ್ತದೆ. ನೆಲದ ಮೇಲೆ ಮಲಗಿ ಎದ್ದವರಿಗೆ ಕಾರಣವಿಲ್ಲದೆ ಹೊಟ್ಟೆನೋವು ಬಂದು ರೆಪ್ಪೆ ಜೋತುಬಿದ್ದರೆ ಕಟ್ಟುಹಾವನ್ನು ಶಂಕಿಸಬೇಕು. ಇಂಥವರಿಗೆ ಪ್ರತಿವಿಷದ ಜೊತೆಗೆ ಕೃತಕ ಉಸಿರಾಟ ಬೇಕು, ಕೆಲವೊಮ್ಮೆ ಹಲವು ದಿನ. ಕಣ್ಣು ತೆರೆಯಲಾಗದ ಆ ರೋಗಿಗೆ ಎಚ್ಚರವಿರಬಹುದು, ಸುತ್ತಲಿನ ಮಾತು ಕೇಳಿಸುತ್ತಿರಬಹುದು. ಕೈಬಿಡುವ ಮುನ್ನ ಇದನ್ನು ನೆನೆಯಬೇಕು. ಈ ಹಾವಿನಿಂದ ಕಾಯುವ ಸುಲಭ ಉಪಾಯವೆಂದರೆ ಮಂಚ, ಮತ್ತು ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದ ಸೊಳ್ಳೆಪರದೆ.

ಪ್ರತಿವಿಷಕ್ಕೂ ಮಿತಿಯಿದೆ. ಅದರ ತಯಾರಿಕೆಗೆ ಬೇಕಾದ ವಿಷದ ಹೆಚ್ಚಿನ ಪಾಲು, 1978ರಲ್ಲಿ ಸ್ಥಾಪನೆಯಾದ ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ ಬರುತ್ತದೆ. ಒಂದೇ ಜಾತಿಯ ಹಾವಿನ ವಿಷವೂ ಸೀಮೆಯಿಂದ ಸೀಮೆಗೆ ಬದಲಾಗುತ್ತದೆ. ಆದ್ದರಿಂದ ದಕ್ಷಿಣದ ವಿಷದಿಂದಾದ ಔಷಧ ಎಲ್ಲೆಡೆ ಒಂದೇ ಬಲದಿಂದ ಕೆಲಸ ಮಾಡುವುದಿಲ್ಲ.

ಹಾಗಾದರೆ ಆ ಸಂಜೆ ಆರು ಗಂಟೆಗೆ ಆಗಬೇಕಾದದ್ದೇನು? ಆಕೆಯನ್ನು ನಡೆಸದೆ ಮಲಗಿಸಿ ಧೈರ್ಯ ಹೇಳಬೇಕಿತ್ತು. ಊತ ಏರುವ ಮುನ್ನ ಕಾಲುಂಗುರ, ಗೆಜ್ಜೆ ತೆಗೆಯಬೇಕಿತ್ತು. ಮುರಿದ ಕಾಲಿಗೆ ಕಟ್ಟುವಂತೆ ಒಂದು ಕೋಲನ್ನು ಜೊತೆಗಿಟ್ಟು, ರಕ್ತ ನಿಲ್ಲದಷ್ಟು ಸಡಿಲವಾಗಿ ಸುತ್ತಿ, ಕಾಲು ಅಲುಗದಂತೆ ಮಾಡಬೇಕಿತ್ತು. 108ಕ್ಕೆ ಕರೆ ಮಾಡಿ, ಅದು ತಡವಾಗುವಂತಿದ್ದರೆ ಮೋಟಾರ್ ಸೈಕಲ್ ಮೇಲೆ ಇಬ್ಬರ ನಡುವೆ ಕೂರಿಸಿಯಾದರೂ ಹೊರಡಬೇಕಿತ್ತು. ಆಗ ಏಳೂವರೆಯೊಳಗೆ ಗಾಜಿನ ನಳಿಗೆಯ ಫಲಿತಾಂಶ ವೈದ್ಯರ ಕೈಯಲ್ಲಿರುತ್ತಿತ್ತು.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನು ಕಡೆಗಣಿಸಲ್ಪಟ್ಟ ರೋಗಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ ಸರ್ಕಾರ 2024ರಲ್ಲಿ ಅದನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿ, ಪ್ರತಿ ಕಡಿತವನ್ನೂ ಸಾವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದಿತು. ಲೆಕ್ಕ ಸಿಕ್ಕರೆ ಯಾವ ಆಸ್ಪತ್ರೆಗೆ ಎಷ್ಟು ಸೀಸೆ ಬೇಕೆಂಬುದೂ ಸಿಗುತ್ತದೆ. ಆ ಲೆಕ್ಕ ಆಸ್ಪತ್ರೆಯ ಬಾಗಿಲಲ್ಲಿ ಆಡುವ ಮೊದಲ ಮಾತಿನಿಂದ ಶುರುವಾಗುತ್ತದೆ. ಪರಭಾಷೆಯ ವೈದ್ಯರ ಮುಂದೆ ‘ಹುಳ ಮುಟ್ಟೇತಿ’ ಎಂದರೆ ಅದು ಇರುವೆಯೂ ಆದೀತು, ಜರಿಯೂ ಆದೀತು. ‘ಹಾವು ಕಡಿದಿದೆ’, ‘ಸಾಪ ಚಾವಲಾ’ ಎಂದು ನೇರವಾಗಿ ಹೇಳಬೇಕು. ಕಡಿದ ಹೊತ್ತು ಎಷ್ಟು, ಆಮೇಲೆ ಏನೇನು ಕಂಡಿತು ಎಂಬುದನ್ನೂ ಹೇಳಬೇಕು. ಮನೆಯ ಅಂಗಳದಲ್ಲಿ ಸೌಮ್ಯೋಕ್ತಿ ಇರಲಿ; ಆಸ್ಪತ್ರೆಯ ಬಾಗಿಲಲ್ಲಿ ಹಾವನ್ನು ಹಾವೆಂದೇ ಕರೆಯಬೇಕು.